ಉಜ್ವಲಾತಾಯಿಗೆ ಗಂಡು ಬಂತೆಂದು ಮಿಲ್ ಕುಣಿದದ್ದು

ನಿಲಂಗಾದ ನಮ್ಮ ದಾಲ್‌ಮಿಲ್ಲಿನಲ್ಲಿ ಯಾರನ್ನೇ ಕರೆಯಬೇಕಾದರೂ ಭೋಂಗಾ ಮೈಕಿನಲ್ಲಿ ಹೆಸರು ಕೂಗುತ್ತಾರೆ, ಪೇಟೆಗೆಲ್ಲ ಕೇಳಿಸುತ್ತದೆ. ಇಂಥಲ್ಲಿ ಗುಟ್ಟು ಕಾಯುವ ಕೆಲಸ ಉಜ್ವಲಾತಾಯಿಯ ಪಾಲಿಗೆ ಬಂತು. ತಾಯಿ ಅಂದರೆ ಇಲ್ಲಿಯ ಮರಾಠಿಯಲ್ಲಿ ಅಕ್ಕ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ಇಲ್ಲದಿದ್ದರೆ ಆಕೆ ನನ್ನನ್ನು ಬಿಡುವುದಿಲ್ಲ. ನಲವತ್ತು ದಾಟಿದರೂ ಮದುವೆಯಾಗದ ಆಕೆ ಆಫೀಸಿನಲ್ಲಿ ಹಿರಿಯಳು, ಹೆಂಗಸರ ದೂರು ವಿಚಾರಿಸುವ ಕಮಿಟಿಯ ಅಧ್ಯಕ್ಷೆ. ನಾನೊಬ್ಬ ಮೆಂಬರ್.

ಕೆಲಸದ ಹೆಣ್ಣುಮಗಳೊಬ್ಬಳು ಆಳುಗಳ ಮೇಲ್ವಿಚಾರಕ ಮುಕಾದಮನ ಮೇಲೆ ದೂರು ಕೊಟ್ಟಿದ್ದಳು. "ಸುದ್ದಿ ಹೊರಗ ಬಿತ್ತಂದ್ರ ನಮ್ಮ ಮಾವ ಕೆಲಸ ಬಿಡಸ್ತಾರ್ರೀ. ಹಂಗಿದ್ರ ನಾ ಕಮಿಟಿ ಮುಂದ ಬರಂಗೇ ಇಲ್ಲ" ಅಂದಿದ್ದಳು.

ನೋಟಿಸು ನಾನು ಹೇಳಿ ಬರೆಸಿದೆ: 'ತಪ್ಪು ಮಾಡಿದವನು ಹಾಜರಾಗತಕ್ಕದ್ದು.' ತಾಯಿ ಹಾಳೆ ಹರಿದಳು.

"ತಪ್ಪು ಮಾಡ್ಯಾನಂತ ಯಾರ್ ಹೇಳಿದ್ರು, ದತ್ತಾತ್ರಿ ಅಣ್ಣಾ? ಇನ್ನಾ ಕೇಳೇ ಇಲ್ಲ."

"ಕಣ್ಣಿಗಿ ಕಾಣಸ್ತದಲ್ಲ!"

"ನಿಮ್ಮ ಕಣ್ಣು ಕಮಿಟಿ ಅಲ್ರೀ."

"ಹಂಗಾರ ಇಬ್ಬರನೂ ಎದುರಾಬದುರಾ ಕೂಡಿಸಿ, ಚಹಾ ಕುಡಿಸಿ ಮುಗಸಮು." ನಮ್ಮೂರಿನ ಪಂಚಾಯ್ತಿ ನಡೆಯುವುದೇ ಹಾಗೆ. ಆಕೆ ಒಪ್ಪಲಿಲ್ಲ. ಇಬ್ಬರಿಗೂ ಬೇರೆ ಬೇರೆ ಮುಚ್ಚಿದ ಲಕೋಟೆ, ತನ್ನ ಕೈಯಿಂದಲೇ. ಮುಕಾದಮನಿಗೆ ಬುಧವಾರ ಮುಂಜಾನೆ, ದೂರು ಕೊಟ್ಟವಳಿಗೆ ಮಧ್ಯಾಹ್ನ, ಮುಖಾಮುಖಿ ಆಗಬಾರದು. ಮತ್ತೆ ಮಾಳಿಗೆ ಹತ್ತಿ ಒಬ್ಬೊಬ್ಬರಿಗೂ ಫೋನು, ಇಬ್ಬರಿಗೂ ಅದೇ ಮಾತು: "ದೂರಿನ ಬಗ್ಗೆ ನಿಮ್ಮ ಹೇಳಿಕೆ ಕೇಳೋದದ. ಆ ಹೊತ್ತು ಆಗಲಿಲ್ಲಂದ್ರ ಹೇಳ್ರಿ, ಬ್ಯಾರೆ ಹೊತ್ತು ಇಡಮು. ಮಾತು ಯಾರ ಮುಂದೂ ಆಡಬ್ಯಾಡ್ರಿ."

ಮೆಟ್ಟಿಲ ಬಳಿ ಬೇಳೆ ಆರಿಸುತ್ತಿದ್ದ ಸಾರಿಕಾಳ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಗುಟ್ಟಿನ ಫೋನು, ಅದೂ ಎರಡು ಕಡೆಗೆ! ಸಂಬಂಧ ಅಲ್ಲದೆ ಮತ್ತೇನು? ಸಂಜೆಯೊಳಗೆ ಮಿಲ್ಲಿಗೆ ಮಿಲ್ಲೇ ಉಜ್ವಲಾತಾಯಿಯ ಮದುವೆ ಗೊತ್ತು ಮಾಡಿತ್ತು.

ಬುಧವಾರ ಕಮಿಟಿಯ ಹೊರಗಿನ ಮೆಂಬರ್ ವಿರೂಪಾಕ್ಷ ಉದಗೀರಿನಿಂದ ಬಂದರು. ಮಹಿಳಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಅವರು, ಪಾಪ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. 'ಗಂಡು ಬಂತು' ಎಂದು ಬೇಳೆ ಮಷೀನು ನಿಂತಿತು. ಸಾರಿಕಾಳ ಜೊತೆ ಬೇಳೆ ಆರಿಸುವ ಸಪ್ನಾ ಮಲ್ಲಿಗೆ ದಂಡೆ ತಂದು ತಾಯಿಯ ಜಡೆಗೆ ಸಿಕ್ಕಿಸಿಯೇಬಿಟ್ಟಳು.

"ಗಂಡು ಯಾ ಊರವ್ರಿ, ತಾಯಿ?"

"ನಾ ಏನೂ ಹೇಳಂಗಿಲ್ಲ."

"ನಾಚಕೋತಾಳ ನೋಡ್ರೇ!"

ನನಗೆ ಸಿಟ್ಟು ನೆತ್ತಿಗೇರಿತು. "ಏ ಹುಚ್ಚಿಗೋಳೇ, ಅದು ಸಂಬಂಧ ಅಲ್ಲ, ಅದು..." ಅನ್ನುವಷ್ಟರಲ್ಲಿ ತಾಯಿ ನನ್ನ ಕಾಲು ತುಳಿದಳು. ಬೆರಳು ಇನ್ನೂ ನೋಯುತ್ತಿದೆ.

ಮುಂಜಾನೆ ಮಾಳಿಗೆಯ ಮೇಲೆ ಮುಕಾದಮನ ಹೇಳಿಕೆ ಮುಗಿದು, ಅವನು ಹಿಂದಿನ ಬಾಗಿಲಿಂದ ಹೋದ. ಮಧ್ಯಾಹ್ನ ಆ ಹೆಣ್ಣುಮಗಳು ಮೆಟ್ಟಿಲ ಬಳಿ ಬಂದು ನಿಂತುಬಿಟ್ಟಳು. ಅಷ್ಟು ಜನರ ನಡುವೆ ಹತ್ತುವುದು ಹೇಗೆ? ಸಾರಿಕಾಳೇ ಬೆನ್ನಿಗೆ ಕೈ ಕೊಟ್ಟು ನೂಕಿದಳು: "ಹೋಗವ್ವಾ ಹೋಗು, ಗಂಡು ಹೆಂಗದಾನ ನೋಡಿ ಬಾ!"

ಹತ್ತಿದಳು. ಎಲ್ಲವನ್ನೂ ಹೇಳಿದಳು. ಏನು ಹೇಳಿದಳೆಂದು ನಾನು ಬರೆಯುವುದಿಲ್ಲ. ಇಳಿದಾಗ ಎಲ್ಲರೂ ಮುತ್ತಿದರು.

"ಹೆಂಗದಾನ?"

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ನಡುವ ಬಾಯಿ ಹಾಕದೆ ಮಾತು ಪೂರಾ ಕೇಳಸ್ಕೋತಾರ."

"ಅಯ್ಯ, ಅಂಥಾ ಗಂಡು ಎಲ್ಲಿ ಸಿಗತಾನ!" ಎಂದು ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.