ಗಚ್ಚಿಯ ಮೇಲಿನ ಶುಂಠಿ

ನನ್ನ ಅಪ್ಪ ನನ್ನ ಗಂಡನ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ, ಪದ್ಧತಿ ಹಾಗೆ. ಕನ್ಯಾದಾನ ಮಾಡಿಕೊಟ್ಟ ಮೇಲೆ ಮಗಳಿಗೊಂದು ಕೂಸು ಹುಟ್ಟುವ ತನಕ ಅವಳ ಮನೆಯ ಅನ್ನ ನೀರು ಮುಟ್ಟಬಾರದು ಎಂದು ಹಿರಿಯರು ಕಟ್ಟಿಟ್ಟಿದ್ದರು. ಕಟ್ಟಿದವರು ಯಾರೋ, ಅವರಿಗೆ ಹೆಣ್ಣುಮಕ್ಕಳು ಇರಲಿಲ್ಲವೆಂದು ಕಾಣುತ್ತದೆ. ಬೆಳಗಾವಿಯಿಂದ ರಾತ್ರಿಯೆಲ್ಲ ಗಾಡಿಯಲ್ಲಿ ಕೂತು ಪುಣೆಗೆ ಬಂದವರು, ನಾಲ್ಕಾರು ಸಂಸಾರಗಳಿದ್ದ ನಮ್ಮ ವಾಡೆಯ ಮೆಟ್ಟಿಲು ಹತ್ತಿ, ಒಣಗಿದ ತುಟಿಯಲ್ಲೇ "ಆರಾಮ ಇದ್ದೀಯೇನವ್ವಾ?" ಎಂದು ಕೇಳುವಾಗ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ತಂಬಿಗೆ ಮುಂದಿಟ್ಟರೆ ಕೈಕಾಲು ತೊಳೆದುಕೊಂಡು ಬರುತ್ತಿದ್ದರು, ಅಷ್ಟೇ.

ಯುದ್ಧ ನಡೆದಿದ್ದ ಕಾಲ. ನಾನು ಚೊಚ್ಚಲ ಬಸುರಿ. ಬಾಣಂತನ ತವರಿನಲ್ಲಿ ಆಗಬೇಕು, ಆದರೆ ತವರಿನಲ್ಲಿ ನನ್ನವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಪ್ಪ ನಿವೃತ್ತ ಶಾಲಾ ಮಾಸ್ತರರು, ಒಬ್ಬರೇ, ಖಾನಾವಳಿಯ ಊಟ. ಹೀಗಾಗಿ ನಮ್ಮ ಅತ್ತೆ ಒಂದೇ ಮಾತಿಗೆ ತೀರ್ಮಾನ ಮಾಡಿದರು: "ಬಾಣಂತನ ಇಲ್ಲೇ ಆಗ್ಲಿ. ಸಾಮಾನು ಮಾತ್ರ ತವರಿನಿಂದ ಬರ್ಲಿ." ಒಂದು ಸೇರು ಶುಂಠಿ, ಏಲಕ್ಕಿ, ಅಂಟು, ಉತ್ತತ್ತಿ, ಕೊಬ್ಬರಿ ಎಂದು ಹೇಳಿ ಕಳಿಸಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ತವರಿನಿಂದ ಬಂದ ಬಾಣಂತಿ ಸಾಮಾನು ನೋಡಲು ವಾಡೆಯ ಹೆಂಗಸರೆಲ್ಲ ಬರುತ್ತಿದ್ದರು. ತಾಯಿ ಇಲ್ಲದ ಹುಡುಗಿ, ಇವಳಿಗೆ ಯಾರು ಏನು ತಂದಾರು ಎಂಬ ಮಾತು ಮಗಳ ಕಿವಿಗೆ ಬೀಳಬಾರದು, ಅಪ್ಪನಿಗೆ ಅದೊಂದೇ ಚಿಂತೆ.

ಸಂಕ್ರಾಂತಿ ಮುಗಿದ ಮೇಲೆ ಅವರು ಬಂದರು. ಎಲ್ಲ ಸಾಮಾನು ಒಂದೊಂದೇ ತೆಗೆದಿಟ್ಟು ಕೊನೆಗೆ ಒಂದು ಚೀಲ ಬಿಚ್ಚಿದರು. ಒಳಗೆ ಮಣ್ಣು ಮೆತ್ತಿದ ಹಸಿ ಶುಂಠಿ. ನಮ್ಮ ಕಡೆ ಹಸಿಯದಕ್ಕೆ 'ಅಲ್ಲ' ಎನ್ನುತ್ತಾರೆ, ಒಣಗಿದ ಮೇಲೆಯೇ ಅದು ಶುಂಠಿ.

"ಅಂಗಡ್ಯಾಗಿನ ಶುಂಠಿ ನೋಡಿದ್ನಿರಿ," ಎಂದರು ಅತ್ತೆಗೆ. "ಮೇಲೆ ಸುಣ್ಣ ಬಳಿದಾರ, ಮುರಿದ್ರ ಒಳಗ ಹುಳ. ಪುಡಿ ತರೋಣಂದ್ರ ಅದರಾಗ ಏನು ಬೆರೆಸ್ಯಾರೋ ದೇವ್ರೇ ಬಲ್ಲ. ಅದಕ್ಕ ಹಸೀ ಅಲ್ಲನ ತಂದೆ, ಬಲಿತದ್ದು ಆರಿಸಿ ತಂದೀನಿ. ನಾಲ್ಕು ದಿವಸ ಬಿಸಿಲಿಗೆ ಇಟ್ರ ಆತು. ನೀವು ಒಂದು ಸೇರು ಹೇಳಿದ್ರಿ, ಎರಡು ಸೇರು ಅದ."

ಆ 'ಎರಡು ಸೇರು' ಅನ್ನುವಾಗ ಅವರ ಮುಖ ನೋಡಬೇಕಿತ್ತು! ಅತ್ತೆ ಒಂದು ತುಂಡು ಎತ್ತಿ ಮೂಸಿ ನೋಡಿದರು. ನಮ್ಮ ಅತ್ತೆಯೆಂದರೆ ನಾಲಿಗೆ ಸುಮ್ಮನಿರಿಸುವವರಲ್ಲ, ಹಾಲಿನವನಿಂದ ಹಿಡಿದು ಭಟ್ಟರ ತನಕ ಯಾರನ್ನೂ ಬಿಟ್ಟವರಲ್ಲ. ಈಗ ಏನೋ ಬರುತ್ತದೆ ಎಂದು ನಾನು ಉಸಿರು ಹಿಡಿದು ನಿಂತೆ. "ಛಲೋ ಅದ," ಎಂದರು, ಒಳಗೆ ಹೋದರು. ನನಗೆ ನಂಬಿಕೆಯೇ ಬರಲಿಲ್ಲ.

ಅಂದೇ ನೀರಿಗೆ ಹಾಕಿದೆವು. ಬೆಳಿಗ್ಗೆ ಮಣ್ಣು ತೊಳೆದು ಬಿದಿರಿನ ಚಕ್ಕೆಯಿಂದ ಸಿಪ್ಪೆ ಹೆರೆದೆವು. ಕಬ್ಬಿಣದ ಚಾಕು ತಾಗಿದರೆ ಶುಂಠಿ ಕಪ್ಪಾಗುತ್ತದೆ. "ಹಗುರಕ ಹೆರೀ, ಘಮ ಎಲ್ಲಾ ಸಿಪ್ಪಿ ಕೆಳಗನ ಇರ್ತದ," ಎಂದು ಅತ್ತೆ ನನ್ನ ಕೈ ಮೇಲೆ ಕಣ್ಣಿಟ್ಟೇ ಇದ್ದರು. ವಾಡೆಯ ಮೇಲೆ ಬಯಲು ಗಚ್ಚಿ ಇತ್ತು. ಅಲ್ಲಿ ಚಾಪೆ ಹಾಸಿ ಹರವಿದೆವು. ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ, ಬಿಸಿಲೇರಿದ ಮೇಲೆ ಹೊರಗೆ, ನಡುವೆ ಒಮ್ಮೆ ತಿರುವಿ ಹಾಕುವುದು. ಅಪ್ಪ ದೂರದ ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದರು. ಇಳಿವಯಸ್ಸಿನಲ್ಲಿ ಪುಣೆ ನೋಡುತ್ತೇನೆ ಎಂದು ಅಡ್ಡಾಡುತ್ತ, ಎರಡು ಮೂರು ದಿನಕ್ಕೊಮ್ಮೆ ನಮ್ಮಲ್ಲಿಗೆ ಬಂದು ಬಾಗಿಲಲ್ಲೇ ಮಾತಾಡಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ, ಶುಂಠಿ ಏನಾಯಿತು ನೋಡೋಣ ಎಂದು ಗಚ್ಚಿ ಹತ್ತಿದರು. ಆಗಲೇ ಅದು ಗರಿಗರಿಯಾಗಿತ್ತು, ಮುರಿದರೆ ಟಕ್ಕೆನ್ನುತ್ತಿತ್ತು. ಚಾಪೆಯ ಮೂಲೆಯಲ್ಲಿ ಎರಡು ಬೊಗಸೆಯಷ್ಟು. ಅಪ್ಪ ಅದನ್ನು ನೋಡಿದರು, ಚಾಪೆ ಎತ್ತಿ ಅದರ ಕೆಳಗೂ ನೋಡಿದರು.

"ಉಳಿದದ್ದು ಎಲ್ಲಿ ಅದ?"

"ಇಷ್ಟೇರಿ," ಎಂದರು ಹಿಂದೆಯೇ ಬಂದಿದ್ದ ಅತ್ತೆ.

"ಇಷ್ಟ ಹೆಂಗ ಆಗ್ತದರಿ? ನಾ ಚೀಲ ತುಂಬ ತಂದಿದ್ದೆ. ಒಣಗಿದ್ರ ಸ್ವಲ್ಪ ಕಮ್ಮಿ ಆಗ್ತದ, ಒಪ್ಪಿದೆ. ಇದು..." ಅಪ್ಪ ಸುತ್ತ ನೋಡಿದರು. "ಗಚ್ಚಿ ಮ್ಯಾಲೆ ನಾಲ್ಕು ಮಂದಿ ಅಡ್ಡಾಡ್ತಾರ. ಮನಿಯೊಳಗೂ ಸ್ವಲ್ಪ ಹೆಚ್ಚು ಕಮ್ಮಿ ಖರ್ಚು ಆಗಿರಬೇಕು. ತಪ್ಪೇನಿಲ್ಲ, ನಾ ಸುಮ್ಮನ ಕೇಳಿದೆ."

ಅಯ್ಯೋ ದೇವರೇ! ನನಗೆ ಗಚ್ಚಿಯೇ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು. ನಮ್ಮ ಅತ್ತೆಗೆ, ಬಾಣಂತಿಯ ಶುಂಠಿ ಕದ್ದಿರಿ ಎನ್ನುವುದೇ? ಅತ್ತೆಯ ಮುಖ ಕೆಂಪಾಯಿತು. ಆದರೆ ಕೂಗಲಿಲ್ಲ. "ಕೆಳಗ ಬರ್ರಿ," ಎಂದರು. "ನೀವು ತಂದ ಏಲಕ್ಕಿ ಅದ ನೋಡ್ರಿ, ಅದನ್ನ ನಿಮ್ಮ ಕಣ್ಣೆದುರಿಗೇ ತೂಗಿ ಪುಡಿ ಮಾಡಿಬಿಡ್ತೀನಿ."

ಪಡಸಾಲೆಯಲ್ಲಿ ಅಪ್ಪನನ್ನು ಚಾಪೆಯ ಮೇಲೆ ಕೂರಿಸಿ, ತಕ್ಕಡಿ ತಂದರು. ತೂಕದ ಕಲ್ಲಿಗೆ ಬೆಳ್ಳಿ ರೂಪಾಯಿ, ಒಂದು ರೂಪಾಯಿ ಅಂದರೆ ಒಂದು ತೊಲೆ. ಈ ಕಡೆ ಹತ್ತು ರೂಪಾಯಿ, ಆ ಕಡೆ ಇಡೀ ಏಲಕ್ಕಿ. ಮುಳ್ಳು ಸರಿಯಾಗಿ ನಿಂತಮೇಲೆ, "ಸುಲೀ," ಎಂದರು ನನಗೆ. ಸುಲಿದೆ. ಸಿಪ್ಪೆ ಒಂದು ಕಡೆ ಗುಡ್ಡೆಯಾಯಿತು, ನೋಡಿದರೆ ಅದೇ ಹೆಚ್ಚು ಕಾಣುತ್ತಿತ್ತು. ಕಪ್ಪು ಕಾಳು ಮತ್ತೆ ತಕ್ಕಡಿಗೆ. ಅತ್ತೆ ಒಂದೊಂದೇ ರೂಪಾಯಿ ತೆಗೆಯುತ್ತ ಹೋದರು. ಏಳಕ್ಕೆ ನಿಂತಿತು.

ಕುಟ್ಟಲು ಕೂತಾಗ ನಾನು ರೂಢಿಯಂತೆ ಸಕ್ಕರೆ ಡಬ್ಬಿಗೆ ಕೈ ಹಾಕಿದೆ. ಚಿಟಿಕೆ ಸಕ್ಕರೆ ಬಿದ್ದರೆ ಕಾಳು ಕುಟ್ಟಾಣಿಗೆ ಅಂಟುವುದಿಲ್ಲ, ಬೇಗ ಹುಡಿಯಾಗುತ್ತದೆ. ಅತ್ತೆ ನನ್ನ ಕೈ ಮೇಲೆ ಪಟ್ಟೆಂದು ಹೊಡೆದರು. "ಇವತ್ತು ಸಕ್ಕರಿ ಬ್ಯಾಡ. ತೂಕ ಮಾಡೂದದ." ಕುಟ್ಟಿ, ಸೋಸಿ, ಉಳಿದ ತರಿಯನ್ನು ಮತ್ತೆ ಕುಟ್ಟಿ ಸೋಸಿದ ಮೇಲೆ, ಪುಡಿಯ ತೂಕ ಏಳಕ್ಕೂ ಕಮ್ಮಿ ಬಂತು. ಜರಡಿಯಲ್ಲಿ ನಾರು, ಕುಟ್ಟಾಣಿಯ ಮೈಗೆ ಒಂದಿಷ್ಟು, ಉಳಿದದ್ದು ಪಡಸಾಲೆ ತುಂಬ ಘಮಘಮ.

"ಇದು ಒಣಗಿದ ಜಿನಸು, ಇದರಾಗನ ಇಷ್ಟು ಹೋತು," ಎಂದರು ಅತ್ತೆ. "ಅಲ್ಲದಾಗ ಬರೇ ನೀರ. ಐದು ಸೇರು ಹಸೀ ಅಲ್ಲ ಒಣಗಿದ್ರ ಒಂದು ಸೇರು ಶುಂಠಿ. ಪುಡಿ ಮಾಡಿದ್ರ ನಾರು ಬ್ಯಾರೆ ಹೋಗ್ತದ. ನೀವು ಎರಡು ಸೇರು ತಂದ್ರಿ. ಲೆಕ್ಕ ನೀವ ಹಾಕ್ರಿ, ಮಾಸ್ತರ ಇದ್ದೀರಿ."

ಅಪ್ಪ ಲೆಕ್ಕ ಹಾಕಿದರು. ಕಳವಿನ ಮಾತು ಆಡಿದ್ದಕ್ಕಿಂತ ಹೆಚ್ಚಾಗಿ ಅವರನ್ನು ಇನ್ನೊಂದು ಚುಚ್ಚಿತ್ತು. ಒಂದು ಸೇರು ಕೇಳಿದ್ದರು, ತಾನು ತಂದದ್ದು ಅದರ ಅರ್ಧವೂ ಅಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, "ತಪ್ಪಾತರಿ ಅಕ್ಕಾರ," ಎಂದರು, ಮೆಟ್ಟಿಲು ಇಳಿದು ಹೊರಟೇಬಿಟ್ಟರು. ನಾನು ಅತ್ತೆಯ ಮೇಲೆ ಉರಿದುಬಿದ್ದೆ. ಬಸುರಿಗೆ ಅಷ್ಟು ಧೈರ್ಯ ಬರುತ್ತದೆ. "ಮೊದಲನೇ ದಿನನ ಹೇಳಬೇಕಿತ್ತಲ್ಲ, ಸುಮ್ಮನ ಯಾಕ ಇದ್ರಿ?"

ಅತ್ತೆ ಏಲಕ್ಕಿಯ ಸಿಪ್ಪೆಯನ್ನು ಚಹಾಪುಡಿಯ ಡಬ್ಬಿಗೆ ತುಂಬುತ್ತಿದ್ದರು. ತಲೆ ಎತ್ತಲಿಲ್ಲ. "ಅಷ್ಟು ದೂರದಿಂದ ಹೊತ್ತು ತಂದಾರ. ಕೆಳಗ ಇಡೂಕಿಂತ ಮೊದಲ ಕಮ್ಮಿ ಅದ ಅಂತ ಹೆಂಗ ಅನ್ಲಿ? ನನ್ನ ಡಬ್ಬಿಯಾಗಿನ ಶುಂಠಿ ಬೆರೆಸಿ ಸೇರು ತುಂಬಿಸಿಬಿಡೋಣ, ಯಾರಿಗೆ ಗೊತ್ತಾಗ್ತದ ಅಂತಿದ್ದೆ." ನನಗೆ ಅಳು ಬಂತು. ಅತ್ತೆಗೂ ಬಂದಿತ್ತೋ ಏನೋ, ಏಲಕ್ಕಿ ಘಾಟು ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ದಪದಪ ಸದ್ದು. ಅಪ್ಪ! ಹೆಗಲ ಮೇಲೆ ಗೋಣಿಚೀಲ, ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮಂಡಯಿಯ ತರಕಾರಿ ಪೇಟೆ ಸುತ್ತಿ, ಬಲಿತ ಅಲ್ಲ ಆರಿಸಿ, ಅಲ್ಲಿಂದ ಹೊತ್ತುಕೊಂಡೇ ಬಂದಿದ್ದರು. ನಾನು ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ಕೇಳಿ ಚೀಲವನ್ನು ಕೆಳಗಿಳಿಸಿದರು.

"ಭಾಳ ದೊಡ್ಡ ಮನಸು," ಎಂದರು. "ಆದ್ರ ನಿನ್ನ ಸೇರು ನಾನ ತುಂಬಸ್ತೀನವ್ವಾ. ನಿಮ್ಮವ್ವ ಇದ್ದಿದ್ರ ತುಂಬಸ್ತಿದ್ಲು."

ಅವತ್ತಿನಿಂದ ಅಪ್ಪನ ಬಿಡಾರವೇ ಗಚ್ಚಿ. ಬಿದಿರಿನ ಚಕ್ಕೆ ಹಿಡಿದು, ಜನ್ಮದಲ್ಲಿ ಒಂದು ಬದನೆಕಾಯಿ ಹೆಚ್ಚದ ಕೈ, ಒಂದೊಂದೇ ಬೆರಳು ಶುಂಠಿಯನ್ನು ಕೂಸಿಗೆ ನೀರೆರೆದಂತೆ ಹೆರೆಯುತ್ತಿತ್ತು. ಅಂಗೈ ಉರಿಯುತ್ತದೆ ಎಂದು ಮಾತ್ರ ಹೇಳುತ್ತಿರಲಿಲ್ಲ, ಬಾಯಿಂದ ಗಾಳಿ ಊದಿಕೊಳ್ಳುವುದು ಕಾಣುತ್ತಿತ್ತು. ಬಿಸಿಲಲ್ಲಿ ಕೂತು ತಿರುವಿ ಹಾಕುವುದು, ಕಾಗೆ ಓಡಿಸುವುದು. ಬಾಯಾರಿದರೆ ವಾಡೆಯಿಂದ ಹೊರಗೆ ಹೋಗಿ, ಬೀದಿಯ ನಳದಲ್ಲಿ ನೀರು ಕುಡಿದು ಬರುವುದು. ಅತ್ತೆ ಮಜ್ಜಿಗೆ ಕಳಿಸಿದರೆ ಕೈಮುಗಿದು ಹಿಂದಕ್ಕೆ ಕಳಿಸುತ್ತಿದ್ದರು. "ಹಠಮಾರಿ ಬೀಗರು," ಎಂದು ಅತ್ತೆ ಗೊಣಗುತ್ತಿದ್ದರು, ಮರುದಿನ ಮತ್ತೆ ಕಳಿಸುತ್ತಿದ್ದರು.

ಶುಂಠಿ ಇನ್ನೂ ಅರ್ಧ ಒಣಗಿತ್ತು, ನನಗೆ ನೋವು ಶುರುವಾಯಿತು. ಗಚ್ಚಿಗೆ ಹೋಗುವ ಮೆಟ್ಟಿಲ ಪಕ್ಕದ ಕೋಣೆಯೇ ನನ್ನ ಬಾಣಂತಿ ಕೋಣೆ. ಸೂಲಗಿತ್ತಿ ಬಂದಳು. ನನ್ನ ಕೂಗು ಅಪ್ಪನಿಗೆ ಕೇಳುತ್ತಿತ್ತು, ನನಗೆ ಅವರ ಚಕ್ಕೆಯ ಸದ್ದು ಕೇಳುತ್ತಿತ್ತು. ಹೆರೆಯುವುದು ಏನೂ ಉಳಿದಿರಲಿಲ್ಲ, ಆದರೂ ಹೆರೆಯುತ್ತಲೇ ಇದ್ದರು. ನಾನು ಕೂಗಿದಾಗಲೆಲ್ಲ ಅದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಮಧ್ಯಾಹ್ನ ಕೂಸು ಹುಟ್ಟಿತು. ಅದರ ಅಳು ಸಣ್ಣದು, ಗಚ್ಚಿಯ ತನಕ ಹೋಗಿರಲಿಕ್ಕಿಲ್ಲ. ಅತ್ತೆ ಕೂಸಿನ ಮುಖ ನೋಡಿದವರೇ ಎದ್ದು ಹೋದರು. ಎಲ್ಲಿ ಹೋದರು, ಮೊದಲು ಅಪ್ಪನಿಗೆ ಹೇಳಬಾರದೇ ಎಂದು ನಾನು ಮಲಗಿದಲ್ಲೇ ಸಿಡಿಮಿಡಿಗೊಂಡೆ. ಒಲೆಯ ಮೇಲೆ ಏನೋ ಕುದಿಯುವ ವಾಸನೆ ಬಂತು. ನಮ್ಮ ಜಗಳದ ಏಲಕ್ಕಿಯ ಸಿಪ್ಪೆ, ಅದರ ಜೊತೆಗೆ ಅಪ್ಪನ ಮೊದಲ ಎರಡು ಬೊಗಸೆಯಲ್ಲಿ ಒಂದು ತುಂಡು ಜಜ್ಜಿ ಹಾಕಿದ್ದು. ರೇಷನ್ನಿನ ಸಕ್ಕರೆಯನ್ನೂ ಅವತ್ತು ಕೈ ಬಿಚ್ಚಿ ಸುರಿದಿದ್ದರಂತೆ.

ಆಮೇಲೆ ಮೆಟ್ಟಿಲ ಬುಡದಿಂದ ಅತ್ತೆಯ ದನಿ, ಇಡೀ ವಾಡೆಗೆ ಕೇಳುವಂತೆ:

"ಬೀಗರ! ಚಹಾ ಆಗೇದ. ಕೆಳಗ ಬರ್ರಿ, ಕುಡೀಲಿಕ್ಕೆ!"

ಮೇಲೆ ಚಕ್ಕೆಯ ಸದ್ದು ನಿಂತಿತು. ಆಮೇಲೆ ಬರಿಗಾಲಿನ ಓಟ, ಮೆಟ್ಟಿಲ ಮೇಲೆ, ನನ್ನ ಬಾಗಿಲ ತನಕ. ಬಾಗಿಲ ಆಚೆ ಕಪ್ಪಿನಿಂದ ಬಸಿಗೆ ಚಹಾ ಸುರಿದ ಸದ್ದು, ಅಪ್ಪ ಅದನ್ನು ಸುರ್ರೆಂದು ಎಳೆದ ಸದ್ದು. ಗಂಡೋ ಹೆಣ್ಣೋ ಎಂದು ಕೇಳುವುದು ಅವರಿಗೆ ನೆನಪೇ ಆಗಲಿಲ್ಲ.

"ಇನ್ನರ್ಧ ಕಪ್ಪು ಕೊಡ್ರಿ ಅಕ್ಕಾರ," ಎಂದರು. "ಭಾಳ ನೀರಡಿಸೇದ."