ನಲವತ್ತೊಂದನೇ ಪುಟದ ಇರುವೆ ಸಾಲು

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ. ಝೆರಾಕ್ಸ್ ಮಷಿನ್ನು ಒಂದು, ಕಂಪ್ಯೂಟರ್ ಎರಡು, ಕುರ್ಚಿ ನಾಲ್ಕು. ನಾಲ್ಕರಲ್ಲಿ ಒಂದರ ಕಾಲು ಅಲುಗಾಡುತ್ತದೆ, ಜಗಳಗಂಟ ಗಿರಾಕಿ ಬಂದರೆ ಅದನ್ನೇ ಕೊಡುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ಊರಿಗೆಲ್ಲ ಗೊತ್ತು. ಬಾಯಿ ಜೋರಿದ್ದವರಿಗೆ ಒಂದಲ್ಲ ಒಂದು ದಿನ ತಮ್ಮ ಮಾತೇ ತಿರುಗಿ ಬಂದು ಬಡಿಯುತ್ತದೆ ಅಂತ ನಮ್ಮವ್ವ ಹೇಳುತ್ತಿದ್ದಳು. ಹೇಳಿದ್ದು ಸುಳ್ಳಾಗಲಿಲ್ಲ.

ಹೋದ ವರ್ಷ ಚಿಗಟೇರಿಯಿಂದ ರಿಟೈರ್ಡ್ ಮಾಸ್ತರರೊಬ್ಬರು ಹೆಂಡತಿಯ ಕೈ ಹಿಡಿದು ಅಂಗಡಿ ಮೆಟ್ಟಿಲು ಹತ್ತಿದರು. ಗುರುತು ಹತ್ತಲು ಹೊತ್ತು ಬೇಕಾಯಿತು. ನಾನು ಇದೇ ಅಂಗಡಿಯಲ್ಲಿ ಬೇರೆಯವರ ಕೈಕೆಳಗೆ ಟೈಪಿಂಗಿಗೆ ಕುಂತಿದ್ದಾಗ, ಇಪ್ಪತ್ತು ದಾಟದ ಹುಡುಗಿಯಾಗಿದ್ದಾಗ, ಅವರ ಪುಸ್ತಕವನ್ನು ಟೈಪ್ ಮಾಡಿಕೊಟ್ಟವಳು ನಾನೇ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆ ತಾವು ಪಾಠ ಹೇಳಿದ ಸಾಲಿಗಳ ನೆನಪು ಬರೆದಿದ್ದರು. ಅಚ್ಚು ಹಾಕಿಸಲಿಲ್ಲ. ಮೂರು ಪ್ರತಿ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು, ಒಂದು ಸಿಡಿ ಒಯ್ದಿದ್ದರು. ಆಗ ಮಿಂಚುತ್ತಿದ್ದ ಕಣ್ಣು ಈಗ ಎತ್ತಲೋ ನೋಡುತ್ತಿತ್ತು. ಸಕ್ಕರೆ ಕಾಯಿಲೆ ಎರಡೂ ಕಣ್ಣನ್ನು ತಿಂದುಬಿಟ್ಟಿತ್ತು.

"ಯವ್ವಾ, ನೀನ ಹೌದಲ್ಲ?" ಅಂದರು ನನ್ನ ಧ್ವನಿ ಕೇಳಿ. "ನನ್ನ ಪುಸ್ತಕದಾಗ ಪೌಂಡ್ ಎಲ್ಲಿಂದ ಬಂತು ಹೇಳು. ನಾ ಏನ್ ಲಂಡನ್ನಿನಾಗ ನೌಕರಿ ಮಾಡೀನೇನು?"

ಅವರ ಹೆಂಡತಿ ಅಮ್ಮಾರು ಚೀಲದಿಂದ ಮೂರು ಹಾಳೆ ತೆಗೆದು ನನ್ನ ಮುಂದಿಟ್ಟರು. ಹರಪನಹಳ್ಳಿಯ ಅಂಗಡಿಯೊಂದರಲ್ಲಿ ಸಿಡಿ ತೆರೆಸಿ ಪ್ರಿಂಟ್ ತೆಗೆಸಿದ್ದರಂತೆ. ಮೇಲೆ ಶ್ರೀ ಇರಬೇಕಾದ ಜಾಗದಲ್ಲಿ ²æÃ ಅಂತ ಬಂದಿತ್ತು. ಕೆಳಗೆ ಪುಟ ತುಂಬ ಅದೇ ನಮೂನೆ ಚುಕ್ಕಿ, ಕೊಂಬು, ಟೋಪಿ. ನಮ್ಮ ಕಸುಬಿನವರಿಗೆ ಇದು ದಿನದ ಗೋಳು. ಒಂದು ಕಡೆ ಚೆಂದ ಕಾಣುವ ಕನ್ನಡ ಇನ್ನೊಂದು ಕಂಪ್ಯೂಟರಿಗೆ ಹೋದಕೂಡಲೇ ಇರುವೆ ಹರಿದಾಡಿದ ಹಾಗೆ ಆಗುತ್ತದೆ.

ಅದೇ ಫೈಲನ್ನು ಆ ಅಂಗಡಿಯವರು ಫೋನಿಗೂ ಹಾಕಿಕೊಟ್ಟಿದ್ದರು. ಮಾಸ್ತರರ ಸೊಸೆ ಫೋನೇ ಓದಿ ಹೇಳುವ ವ್ಯವಸ್ಥೆ ಮಾಡಿಕೊಟ್ಟಿದ್ದಳು. ಪೇಪರ್ ಸುದ್ದಿ, ಮೆಸೇಜು, ಎಲ್ಲವನ್ನೂ ಅದು ಕನ್ನಡದಲ್ಲಿ ಓದುತ್ತಿತ್ತು. ಇವರ ಪುಸ್ತಕ ಬಂದಾಗ ಮಾತ್ರ ಇಂಗ್ಲಿಷಿನಲ್ಲಿ ಏನೇನೋ ತೊದಲಿ, ನಡುನಡುವೆ ಪೌಂಡ್, ಯೆನ್ ಅನ್ನುತ್ತಿತ್ತು.

"ಸೊಸಿ ಓದ್ತೀನಿ ಅಂತಾಳ. ಪಾಪ, ನಾಕು ಪುಟ ಓದಿದ್ಲು ಕೂಡ. ಅಕಿಗೆ ಹೊಲಿಗಿ ಕೆಲಸ ಐತಿ. ಯಾರ ಮುಂದೂ ಕೈ ಚಾಚದಂಗ, ನನಗ ಬೇಕಾದಾಗ, ನನ್ನ ಪುಸ್ತಕ ನಾ ಒಮ್ಮೆ ಪೂರ್ತಿ ಕೇಳಬೇಕು. ಅಷ್ಟ ಆಸೆ."

ನಾನು ಕುರ್ಚಿ ಎಳೆದುಕೊಂಡು ಅವರ ಎದುರು ಕುಂತೆ. ಸುಮ್ಮನಿರದೆ ದೊಡ್ಡ ಉಪನ್ಯಾಸ ಶುರು ಮಾಡಿದೆ. "ಸರ್, ಆಗ ನಾವು ಹೊಡೀತಿದ್ದ ಫಾಂಟಿನಾಗ ಒಳಗ ಕನ್ನಡನ ಇರ್ತಿರಲಿಲ್ಲ. ಒಳಗೆಲ್ಲ ಇಂಗ್ಲಿಷಿನ ಗುರುತು. ಫಾಂಟು ಅದಕ್ಕ ಕನ್ನಡದ ವೇಷ ಹಾಕ್ತಿತ್ತು. ನೀವು 'ನಾನು' ಅಂತ ಬರೆದಲ್ಲೆಲ್ಲ ಒಳಗ ಎರಡು ಪೌಂಡ್ ಗುರುತು ಅದಾವ. ಫಾಂಟ್ ಇಲ್ಲದ ಕಡೆ ವೇಷ ಕಳಚಿ ಬೀಳತೈತಿ. ಈಗಿನ ಯೂನಿಕೋಡಿನಾಗ ಕನ್ನಡಕ್ಕ ಕನ್ನಡದ್ದ ನಂಬರ್ ಐತಿ, ಅದನ್ನ ಎಲ್ಲಾ ಫೋನೂ ಗುರುತು ಹಿಡೀತಾವ."

"ಹಂಗಂದ್ರ ನಾನು ಅನ್ನೋದಕ್ಕ ಅಷ್ಟು ಬೆಲಿ ಇತ್ತು ಅನ್ನು," ಅಂತ ಮಾಸ್ತರರು ನಕ್ಕರು.

ಅಮ್ಮಾರು ನಗಲಿಲ್ಲ. "ಆಗತೈತೇನವ್ವಾ?" ಅಂತ ಇಷ್ಟೇ ಕೇಳಿದರು.

"ಆಗದೇನ್ರಿ ಅಮ್ಮಾರ! ನಾಕು ದಿನ ಬಿಟ್ಟು ಬರ್ರಿ," ಅಂದುಬಿಟ್ಟೆ.

ಬದಲಿಸುವುದು ಬಹಳ ಕಷ್ಟದ್ದಲ್ಲ. ಹಳೆ ಬರಹವನ್ನು ಕನ್ವರ್ಟರಿಗೆ ಹಾಕಿದರೆ ಅದು ಒಂದೊಂದೇ ಗುರುತು ಹಿಡಿದು ಯೂನಿಕೋಡ್ ಮಾಡಿಕೊಡುತ್ತದೆ. ಆದರೆ ಅದು ಕುರುಡು ಕೆಲಸಗಾರ. ಯಾವ ಸಾಲು ಯಾವ ಫಾಂಟಿನಲ್ಲಿತ್ತು ಅಂತ ನೋಡುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕನ್ನಡ ಮಾಡುತ್ತದೆ. ಮಾಸ್ತರರು ಅಲ್ಲಲ್ಲಿ ಇಂಗ್ಲಿಷಿನಲ್ಲೇ ಬರೆದಿದ್ದ ಎಸ್‌ಎಸ್‌ಎಲ್‌ಸಿ, ಬಿಇಒ, ಡ್ರಿಲ್ ಎಲ್ಲವೂ ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪಾಗಿ ಹೊರಬಂದಿದ್ದವು. ಅವನ್ನು ಹುಡುಕಿ ಸರಿ ಮಾಡಲು ನೂರಾ ನಲವತ್ತು ಪುಟ ಸರಸರ ತಿರುವಿದೆ. ಓದಲಿಲ್ಲ. ಎಲ್ಲಿ ಕಣ್ಣಿಗೆ ಅಸಂಬದ್ಧ ಚುಚ್ಚಿತೋ ಅಲ್ಲಿ ನಿಂತೆ, ತಿದ್ದಿದೆ, ಮುಂದೆ ಹೋದೆ. ಮುಗಿದಾಗ ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಹೇಳಿದ ದಿನ ಮಧ್ಯಾಹ್ನ ಇಬ್ಬರೂ ಬಂದರು. ಅಲುಗಾಡದ ಎರಡು ಕುರ್ಚಿ ಹಾಕಿದೆ, ಚಹಾ ತರಿಸಿದೆ. ಫೈಲನ್ನು ಅವರ ಫೋನಿಗೆ ಹಾಕಿ ಟೇಬಲ್ಲಿನ ಮೇಲಿಟ್ಟೆ. ಫೋನಿನೊಳಗಿನ ಹೆಣ್ಣುಮಗಳು ಶುದ್ಧ ಪುಸ್ತಕದ ರಾಗದಲ್ಲಿ, ಉಸಿರು ತೆಗೆದುಕೊಳ್ಳದೆ ಓದತೊಡಗಿದಳು. ಮಾಸ್ತರರು ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟು, ಪರೀಕ್ಷೆಗೆ ಕುಂತ ಹುಡುಗರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕುಂತರು. ತಮ್ಮ ಮೊದಲನೇ ಸಾಲನ್ನು ಫೋನಿನ ಜೊತೆ ತಾವೂ ಮೆಲ್ಲಗೆ ಅಂದರು. ಆಮೇಲೆ ಫೋನಿಗಿಂತ ಅರ್ಧ ಮಾತು ಮುಂದೆ ಅವರೇ ಹೇಳತೊಡಗಿದರು. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಗುಡೇಕೋಟಿ ಎಲ್ಲೈತಿ, ಅಲ್ಲಿಗಿ ಹಾಕು," ಅಂದರು ಸ್ವಲ್ಪ ಹೊತ್ತಿನ ಮೇಲೆ. ಅಲ್ಲಿಗೆ ವರ್ಗವಾದ ಕಥೆ ನಲವತ್ತೊಂದನೇ ಪುಟದಲ್ಲಿತ್ತು. ಹಾಕಿದೆ. ಫೋನು ಓದಿತು: "ವರ್ಗಾವಣೆಯ ಆದೇಶ ಕೈಗೆ ಬಂದಾಗ ಗುಡೇಕೋಟೆ ಯಾವ ದಿಕ್ಕಿಗಿದೆ ಎಂಬುದೂ ನನಗೆ ಗೊತ್ತಿರಲಿಲ್ಲ." ಅದೇ ರಾಗದಲ್ಲಿ, ಅದೇ ಧ್ವನಿಯಲ್ಲಿ, ಮುಂದಿನ ಸಾಲನ್ನೂ ಓದಿತು.

"ಈ ಮುದುಕನ ಕಥಿ ಯಾರ್ ಓದ್ತಾರ? ಇವನ ಹೆಂಡ್ತಿನೂ ಓದಂಗಿಲ್ಲ."

ನನ್ನ ಕೈ ತಾನೇ ಹೋಗಿ ಫೋನು ನಿಲ್ಲಿಸಿತು. ಎಷ್ಟೋ ವರ್ಷದ ಹಿಂದಿನ ಒಂದು ಮಧ್ಯಾಹ್ನ ಇಡಿಯಾಗಿ ಕಣ್ಣ ಮುಂದೆ ಬಂತು. ಮಾಸ್ತರರು ಅದೇ ಪುಟವನ್ನು ಮೂರನೇ ಸಲ ತಿದ್ದಿ ತಂದಿದ್ದರು. ನನಗೆ ಹಸಿವು, ಸಿಟ್ಟು. ಅವರು ಪಕ್ಕದಲ್ಲೇ ಕುಂತಿದ್ದಾಗ, ಅವರಿಗೆ ಕಾಣದಿರಲಿ ಅಂತ ಒಂದು ಸಾಲಿಗೆ ಮಾತ್ರ ಮೊದಲೇ ಇಂಗ್ಲಿಷ್ ಫಾಂಟ್ ಹಾಕಿ ಈ ಮಾತನ್ನು ಹೊಡೆದಿದ್ದೆ. ಕನ್ನಡ ಹೋಗಿ ಇರುವೆ ಸಾಲಾಗಿತ್ತು. ಟೈಪಿಂಗ್ ಹುಡುಗಿಯರೆಲ್ಲ ಮಾಡುತ್ತಿದ್ದ ಕಿತಾಪತಿ ಅದು, ಯಜಮಾನನನ್ನು ಅವನ ಮುಂದೆಯೇ ಬೈಯಲು. ಆಮೇಲೆ ಅಳಿಸುತ್ತಿದ್ದೆವು. ಅವತ್ತು ಅಳಿಸಲು ಮರೆತೆ. ಪ್ರಿಂಟಿನಲ್ಲಿ ಮಾಸ್ತರರು ಬೆರಳಿಟ್ಟು ಇದೇನಮ್ಮ ಅಂತ ಕೇಳಿದಾಗ, ಕಂಪ್ಯೂಟರ್ ತಪ್ಪು ಸರ್, ಅದು ಹಂಗ ಬರತೈತಿ ಅಂದಿದ್ದೆ. ಅವರು ನಂಬಿದ್ದರು. ಮೂರೂ ಪ್ರತಿಯಲ್ಲಿ ಆ ಸಾಲು ಹಾಗೇ ಉಳಿಯಿತು. ಈಗ ಕನ್ವರ್ಟರು ಅದನ್ನೂ ನಿಷ್ಠೆಯಿಂದ ಕನ್ನಡ ಮಾಡಿತ್ತು. ಅರ್ಥವಿಲ್ಲದ್ದನ್ನಷ್ಟೇ ಹುಡುಕುತ್ತಿದ್ದ ನನ್ನ ಕಣ್ಣಿಗೆ, ಪೂರ್ತಿ ಅರ್ಥವಿದ್ದ ಆ ಸಾಲು ಬೀಳಲೇ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಉಣ್ಣುವ ಪಾಳಿ ನನ್ನದು.

"ಇದು ನಾ ಬರೆದದ್ದಲ್ಲ," ಅಂದರು ಮಾಸ್ತರರು ನಿಧಾನಕ್ಕೆ.

"ಅಲ್ಲ ಸರ್. ನಾನು ಬರೆದದ್ದು. ಆಗ ಕಂಪ್ಯೂಟರ್ ತಪ್ಪು ಅಂದಿದ್ದೆ. ಕಂಪ್ಯೂಟರ್ ಏನೂ ತಪ್ಪು ಮಾಡಿರಲಿಲ್ಲ. ನನ್ನ ಸೊಕ್ಕು ಅದು." ಎದ್ದು ನಿಂತೆ. "ತಪ್ಪಾತು ಸರ್. ಅಮ್ಮಾರ, ನಿಮ್ಮನ್ನೂ ಅಂದುಬಿಟ್ಟೀನಿ. ಈಗಲೇ ಅಳಿಸ್ತೀನಿ."

ಮಾಸ್ತರರ ಮುಖ ಸಪ್ಪಗಾಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಾನೂ ಅವಾಗವಾಗ ಅದನ್ನ ಅಂದ್ಕೊಂತಿದ್ದೆ ಬಿಡು," ಅಂದರು. "ಯಾರ್ ಓದ್ತಾರ ಅಂತ."

ಅಮ್ಮಾರು ಚಹಾದ ಬಟ್ಟಲನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಖರೇನ ಬರ್ದಿ ತಗಿ," ಅಂದರು ನನಗೆ. "ನಾನೆಲ್ಲಿ ಸಾಲಿಗಿ ಹೋಗೀನಿ? ನನಗ ಓದಾಕ ಬರಂಗಿಲ್ಲ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ್ರು ಇವರು, ನನ್ನ ಕರದು ಒಂದು ಸಾಲು ಓದಿ ಹೇಳಲಿಲ್ಲ. ಸ್ಪೈರಲ್ ಪುಸ್ತಕ ಟ್ರಂಕಿನಾಗಿಟ್ಟು ವರ್ಷಾ ವರ್ಷಾ ಧೂಳ ಜಾಡಿಸೀನಿ, ಒಳಗ ಏನೈತಿ ಅಂತ ಗೊತ್ತಿಲ್ಲ." ಕುರ್ಚಿಯನ್ನು ಟೇಬಲ್ಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. "ಓದಾಕ ಬರಂಗಿಲ್ಲ, ಕೇಳಾಕ ಬರತೈತಿ. ಮುಂದಿಂದು ಹಚ್ಚು."

ಮಾಸ್ತರರು ತಲೆ ತಗ್ಗಿಸಿದರು. ನಾನು ಒತ್ತಿದೆ.

"ನಾವು ಗುಡೇಕೋಟೆಗೆ ಹೋಗಿ ಇಳಿದ ದಿನ," ಅಂತ ಫೋನು ಓದಿತು, "ನನ್ನ ಹೆಂಡತಿ ಒಲೆ ಹೂಡಲು ಮೂರು ಕಲ್ಲು ಹುಡುಕಿಕೊಂಡು ಗುಡ್ಡಕ್ಕೆ ಹೋದಳು. ಅವಳು ಬರುವುದು ತಡವಾಗಿ ನನಗೆ ಜೀವ ಹಾರಿಹೋಗಿತ್ತು."

"ಎರಡು," ಅಂದರು ಅಮ್ಮಾರು.

"ಏನು?" ಅಂದರು ಮಾಸ್ತರರು.

"ಎರಡ ಕಲ್ಲು ತಂದದ್ದು. ಒಂದು ಮನಿ ಮುಂದ ಇತ್ತು." ಆಮೇಲೆ ದನಿ ತಗ್ಗಿಸಿ, "ಜೀವ ಹಾರಿತ್ತಂತ. ಇಷ್ಟ್ ವರ್ಷ ಯಾಕ ಹೇಳಲಿಲ್ಲ?" ಅಂದರು.

ಆ ಪುಸ್ತಕದ ಪ್ರತಿ ಅಕ್ಷರವನ್ನೂ ಹೊಡೆದವಳು ನಾನು. ಈ ಕಲ್ಲಿನ ಮಾತು ಅದರಲ್ಲಿ ಇದೆ ಅಂತ ನನಗೇ ಗೊತ್ತಿರಲಿಲ್ಲ. ಬೆರಳು ಹೊಡೆದಿತ್ತು, ನಾನು ಓದಿರಲಿಲ್ಲ.

ಮಾಸ್ತರರು ಕೈ ಚಾಚಿ ಗಾಳಿಯಲ್ಲಿ ತಡಕಾಡಿದರು. ಅಮ್ಮಾರು ತಮ್ಮ ಕೈ ಕೊಟ್ಟರು.

"ಯವ್ವಾ, ಎರಡು ಅಂತ ತಿದ್ದು," ಅಂದರು ಮಾಸ್ತರರು ನನಗೆ. ಮೂರು ಅಳಿಸಿ ಎರಡು ಅಂತ ಹೊಡೆದೆ. ನನ್ನ ಸಾಲನ್ನೂ ಅಳಿಸಲು ಹೋದೆ.

"ಅದು ಇರಲಿ," ಅಂದರು ಅಮ್ಮಾರು. "ಅದು ಬಂದಾಗೆಲ್ಲ, ನಾ ಇಲ್ಲೇ ಕೇಳ್ಕೋಂತ ಅದೀನಿ ಅಂತೀನಿ."