ಹೆಬ್ಬೆರಳಿಗೆ ರಜಾ ಕೊಟ್ಟ ಡಬ್ಬಿ

ಹೊನ್ನಾಳಿಯಲ್ಲಿ ನಂದೊಂದು ಮೊಬೈಲ್ ರಿಪೇರಿ ಅಂಗಡಿ. ಭಾನುವಾರ ಬೆಳಿಗ್ಗೆ ಶಟರ್ ಅರ್ಧ ಎಳೆದು, ಮಾನಿಟರ್ ಮುಂದೆ ಕೂತು, ಜಗಳೂರಲ್ಲಿರೋ ತಂಗಿ ಜೊತೆ ಆನ್‌ಲೈನಲ್ಲಿ ಫೈಟಿಂಗ್ ಗೇಮ್ ಆಡ್ತೀನಿ. ನಂಗೆ ನಲವತ್ತು ದಾಟೈತೆ, ಅವಳು ಹೈಸ್ಕೂಲಲ್ಲಿ ಗಣಿತದ ಟೀಚರು. ನಗೋರು ನಗ್ಲಿ. ಚನ್ನಗಿರಿಯಲ್ಲಿ ಚಿಕ್ಕೋರಿದ್ದಾಗ ಶುರುವಾದ ಹೊಡೆದಾಟ, ಅವಳು ಮದುವೆಯಾಗಿ ಅತ್ತ ಹೋದ್ಮೇಲೂ ನಿಂತಿಲ್ಲ. ಅವಳನ್ನ ಸರಿಯಾಗಿ ಸೋಲಿಸೋದು, ಇಲ್ಲಾ ಅವಳ ಕೈಲಿ ಸರಿಯಾಗಿ ಸೋಲೋದು. ವಾರಕ್ಕೊಂದು ಸಲ ಅದಿಲ್ಲದಿದ್ರೆ ನಂಗೆ ಉಂಡನ್ನ ಮೈಗೆ ಹತ್ತಲ್ಲ.

ಹೋದ ವರ್ಷ ಎಡಗೈ ಹೆಬ್ಬೆರಳು ನೋಯಾಕೆ ಹತ್ತಿತು. ಬುಡದಲ್ಲಿ ನರ ಊದ್ಕೊಂಡೈತೆ, ಅದಕ್ಕೆ ಕೆಲಸ ಕಡಿಮೆ ಕೊಡ್ರಿ ಅಂದ್ರು ಡಾಕ್ಟರು. ಎರಡೂ ಕೈಲಿ ಹಿಡಿದು ಆಡೋ ಗೇಮ್‌ಪ್ಯಾಡಲ್ಲಿ ದುಡಿಯೋದೇ ಆ ಬೆರಳು! ಹಿಂದೆ, ಮುಂದೆ, ಕೂರೋದು, ಹಾರೋದು, ನಾಲ್ಕೂ ಅದರ ಮೇಲೇ. ನೋವು ಗೊತ್ತಾದ ದಿನದಿಂದ ತಂಗಿ ಬಿಟ್ಟುಕೊಡಾಕೆ ಶುರು ಮಾಡಿದ್ಲು. ಹೊಡೀಬೇಕಾದ ಕಡೆ ಹೊಡೀದೆ ಸುಮ್ನೆ ನಿಲ್ಲೋಳು, ನಾನು ಗೆಲ್ಲೋನು. "ಅಯ್ಯೋ, ಸೋತೆ ಕಣಣ್ಣ" ಅಂತ ನಾಟಕ ಬೇರೆ. ಮೈಯೆಲ್ಲಾ ಉರೀತಿತ್ತು. ಇಂಥ ಗೆಲುವು ಯಾರಿಗೆ ಬೇಕು, ಆಟಾನೇ ಬಿಡ್ತೀನಿ ಅಂತ ಫೋನಲ್ಲಿ ಕೂಗಾಡಿದೆ.

ಹತ್ತು ದಿನಕ್ಕೆ ಅಂಗಡಿಗೊಂದು ಪಾರ್ಸಲ್ ಬಂತು. ಒಳಗೆ ಚಪ್ಪಟೆ ಡಬ್ಬಿ, ಮೇಲೆ ಬರೀ ಗುಂಡನೆ ಬಟನ್‌ಗಳು, ಹಿಡಿಯೋ ಕಡ್ಡಿ ಇಲ್ಲ. ಕಳಿಸಿದ್ದು ತಂಗಿ. ಇದನ್ನ ಲಿವರ್‌ಲೆಸ್ ಅಂತಾರೆ. ಎಡಗೈ ಮೂರು ಬೆರಳಿಗೆ ಹಿಂದೆ, ಕೆಳಗೆ, ಮುಂದೆ ಅಂತ ಸಾಲಾಗಿ ಮೂರು ಬಟನ್. ಗುದ್ದು, ಒದೆ ಎಲ್ಲ ಬಲಗೈಗೆ. ಹಾರೋ ದೊಡ್ಡ ಬಟನ್ ಮಾತ್ರ ಕೆಳಗೆ ನಡುವೆ, ಯಾವ ಹೆಬ್ಬೆರಳಿಂದಾದ್ರೂ ಒತ್ತಬಹುದು. ನಾನು ಬಲಗೈದಕ್ಕೆ ವಹಿಸಿದೆ. ಎಡದ್ದಕ್ಕೆ ಪೂರ್ತಿ ರಜಾ.

ಬೆಂಕಿ ಉಂಡೆ ಎಸೆಯೋದು ಎರಡೇ ದಿನಕ್ಕೆ ಬಂತು: ಕೆಳಗೆ ಒತ್ತು, ಅದನ್ನ ಬಿಡದೆ ಮುಂದೆ ಒತ್ತು, ಕೆಳಗಿನದನ್ನ ಬಿಟ್ಟು ಗುದ್ದು. ಆದ್ರೆ ಜಗಳದ ಮಧ್ಯೆ ಮುಂದಕ್ಕೆ ನುಗ್ಗು ಅಂದ್ರೆ ಸ್ಕ್ರೀನಲ್ಲಿರೋ ನನ್ನ ಆಳು ಕಂಬದಂಗೆ ನಿಂತು ಒದೆ ತಿನ್ನೋನು. ನಾನು ರಿಪೇರಿಯವನು ನೋಡ್ರಿ, ತಪ್ಪು ಯಾವಾಗ್ಲೂ ಮಷೀನ್‌ದೇ. ಡಬ್ಬಿ ಬಿಚ್ಚಿದೆ. ಮೀಟರ್ ಇಟ್ಟು ಒಂದೊಂದೇ ಬಟನ್ ಒತ್ತಿದೆ, ಎಲ್ಲಕ್ಕೂ ಸರಿ ಐತೆ ಅಂತ ಮೀಟರ್ ಕೀಂ ಅಂತು. ಆದ್ರೂ ನಂಬದೆ ಮುಂದಿನ ಬಟನ್ನೇ ಬದಲಾಯಿಸಿದೆ. ಆಗಲಿಲ್ಲ. ಅದರ ವೈರೂ ಹೊಸದು ಹಾಕಿದೆ. ಊಹೂಂ. ಅತ್ತ ತಂಗಿ ಮತ್ತೆ ಬಿಟ್ಟುಕೊಡ್ತಾನೇ ಇದ್ಲು.

ಕೊನೆಗೆ ಒಂದು ಭಾನುವಾರ ಬಸ್ಸು ಹತ್ತಿ ಅವಳೇ ಬಂದ್ಲು, ಬ್ಯಾಗಲ್ಲಿ ತನ್ನ ಗೇಮ್‌ಪ್ಯಾಡ್. ಚಾ ಕುಡಿಯೋ ಮೊದಲೇ "ಆಡು, ನೋಡ್ತೀನಿ" ಅಂದ್ಲು. ಅವಳು ನೋಡಿದ್ದು ಸ್ಕ್ರೀನಲ್ಲ, ನನ್ನ ಬೆರಳು.

"ಅಣ್ಣ, ಹಿಂದಿನ ಬಟನ್ ಮೇಲಿಂದ ಬೆರಳು ಎತ್ತೇ ಇಲ್ಲ ನೀನು."

ನಾನು ನೋಡ್ಕೊಂಡೆ. ಹೌದು! ಹಿಂದೆ ಒತ್ತಿಹಿಡಿದ್ರೆ ಏಟಿಗೆ ತಡೆ. ಹೆದರಿಕೆಗೆ ಉಂಗುರದ ಬೆರಳು ಅಲ್ಲೇ ಅಂಟ್ಕೊಂಡಿತ್ತು, ತೋರುಬೆರಳು ಮುಂದೆ ಒತ್ತುತಿತ್ತು. ಹಿಂದೂ ಮುಂದೂ ಒಟ್ಟಿಗೆ ಬಂದ್ರೆ ಈ ಡಬ್ಬಿ ಎರಡನ್ನೂ ಕಳೆದುಬಿಡುತ್ತಂತೆ. ಆಗ ನುಗ್ಗೋದೂ ಇಲ್ಲ, ತಡೆಯೋದೂ ಇಲ್ಲ.

"ಪ್ಯಾಡಲ್ಲಿ ಇದು ಗೊತ್ತಾಗಲ್ಲ. ಒಂದೇ ಹೆಬ್ಬೆರಳು, ಮುಂದಕ್ಕೆ ಹೋದ್ರೆ ಹಿಂದಿನದನ್ನ ತಾನೇ ಬಿಟ್ಟಿರುತ್ತೆ. ಇಲ್ಲಿ ನೀನೇ ಬಿಡ್ಬೇಕು" ಅಂತ ಮಕ್ಕಳಿಗೆ ಹೇಳ್ದಂಗೆ ಹೇಳಿದ್ಲು. ಆಮೇಲೆ ಬಿಚ್ಚಿದ ಸ್ಕ್ರೂಗಳನ್ನ ನೋಡಿ, "ಕುಣಿಯಾಕೆ ಬರದೋಳು ನೆಲ ಡೊಂಕು ಅಂದ್ಲಂತೆ" ಅಂತ ಹೊಟ್ಟೆ ಹಿಡ್ಕೊಂಡು ನಕ್ಕಳು. ನಂಗೂ ನಗು ತಡೆಯಾಕಾಗಲಿಲ್ಲ. ನೀನೂ ಇದನ್ನೇ ತಗೋ ಅಂದೆ. "ನನ್ನ ಬೆರಳಿಗೇನಾಗೈತೆ? ನಂಗೆ ಪ್ಯಾಡೇ ವಾಸಿ" ಅಂದ್ಲು.

ತಿಂಗಳುಗಟ್ಟಲೆ ಬೆರಳು ಎತ್ತೋದನ್ನ ಕಲ್ತೆ. ಒಂದು ಭಾನುವಾರ ಅವಳ ಒದೆ ತಡೆದು, ಹಿಂದಿನದನ್ನ ಬಿಟ್ಟು, ನುಗ್ಗಿ ಮೂಲೆಗೆ ತಳ್ಳಿ ಕೆಡವಿದೆ. ಈ ಸಲ ಅವಳು ಬಿಟ್ಟುಕೊಟ್ಟಿದ್ದಲ್ಲ. ಆಮೇಲೆ ಶುರುವಾಯ್ತು ನೋಡ್ರಿ! ಒಂದಾದ ಮೇಲೊಂದು ಹತ್ತು ಆಟ ಸೋಲಿಸಿದ್ಲು, ಉಸಿರಾಡಾಕೆ ಬಿಡದೆ, ಒಂಚೂರು ಕರುಣೆ ಇಲ್ಲದೆ. ಕೈ ಹೆಂಗೈತೆ ಅಂತ ಒಂದು ಮಾತೂ ಕೇಳಲಿಲ್ಲ ಆ ರಾಕ್ಷಸಿ. ಸ್ಕ್ರೀನ್ ಮುಂದೆ ಕೂತು ಕಣ್ಣು ಒರೆಸ್ಕೊಂಡೆ. ಪುಣ್ಯಾತ್ಗಿತ್ತಿ, ನನ್ನ ತಂಗಿ ನಂಗೆ ವಾಪಸ್ ಸಿಕ್ಕಿದ್ಲು.